ಉಳುಕು, ಎಳೆತ, ಲಿಗಮೆಂಟ್: ಫಿಸಿಯೋ ಕರಪತ್ರಕ್ಕೆ ಯಾವ ಪದ ಹಾಕೋಣ?

ಸುಮಾ_ಫಿಸಿಯೋ
ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ನನ್ನದೊಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ಇದೆ. ಕಬಡ್ಡಿ, ವಾಲಿಬಾಲ್ ಟೂರ್ನಮೆಂಟ್ ಶುರುವಾದರೆ ಸಾಕು, ಪಾದ ಹೊರಳಿಸಿಕೊಂಡ ಹುಡುಗರು ಸಾಲಾಗಿ ಬರುತ್ತಾರೆ. ನಾನು ಹೇಳಿದ ಮಾತು ಬಾಗಿಲು ದಾಟುವಷ್ಟರಲ್ಲಿ ಮರೆತುಹೋಗುತ್ತದೆ. ಅದಕ್ಕೆ ಮನೆಗೆ ಒಯ್ಯಲು ಒಂದು ಹಾಳೆಯ ಕರಪತ್ರ ಬರೆಯುತ್ತಿದ್ದೇನೆ. ಓದುವವರು ಹತ್ತನೇ ಕ್ಲಾಸು, ಪಿಯುಸಿ ಹುಡುಗರು ಮತ್ತು ಅವರ ಅಪ್ಪ ಅಮ್ಮ.

ತೊಡಕು ಇರುವುದು ಮೂರು ಪದಗಳಲ್ಲಿ. ಸ್ಪ್ರೇನ್, ಸ್ಟ್ರೇನ್, ಲಿಗಮೆಂಟ್ ಟೇರ್. ನನ್ನ ಹತ್ತಿರ ಇರುವ ಒಂದು ಹಳೇ ಅನುವಾದದಲ್ಲಿ ಹೀಗಿದೆ: "ಅಸ್ಥಿರಜ್ಜುವಿನ ಅತಿವಿಸ್ತರಣೆಯಿಂದ ಉಂಟಾಗುವ ಆಘಾತವನ್ನು ಉಳುಕು ಎನ್ನಲಾಗುತ್ತದೆ." ಇದನ್ನು ಒಬ್ಬ ಹುಡುಗನಿಗೆ ಓದಲು ಕೊಟ್ಟೆ. "ಮೇಡಂ, ಅಸ್ಥಿ ಅಂದರೆ ಸತ್ತವರ ಮೂಳೆ ಅಲ್ವಾ?" ಅಂದ. ನೀವಾದರೆ ಏನು ಬರೆಯುತ್ತೀರಿ?

ಗೋಪಿ_ಕೆ
ಇದರಲ್ಲಿ ಕಷ್ಟ ಏನಿದೆ ಮೇಡಂ. ಸ್ಪ್ರೇನ್ ಅಂದರೆ ಉಳುಕು. ಸ್ಟ್ರೇನ್ ಅಂದರೆ ಸ್ನಾಯು ಸೆಳೆತ. ಲಿಗಮೆಂಟ್ ಟೇರ್ ಅಂದರೆ ಅಸ್ಥಿರಜ್ಜು ಹರಿತ. ಪೇಪರಿನ ಕ್ರೀಡಾ ಪುಟದಲ್ಲಿ ದಿನಾ ಬರುತ್ತದೆ, "ಸ್ನಾಯು ಸೆಳೆತದಿಂದ ವೇಗಿ ಔಟ್" ಅಂತ.

ಬೆಳಗಾವಿ_ಕಾಕಾ
"ಹರಿತ" ಅಂದರೆ ಚಾಕು ಹರಿತ ಅನ್ನೋ ಹರಿತ. "ಲಿಗಮೆಂಟ್ ಹರಿತ" ಅಂತ ಬರೆದರೆ ಚೂಪಾಗಿದೆ ಅಂದುಕೊಳ್ಳುತ್ತಾರೆ 😄

ಡಾ_ಕೀಲುಮೂಳೆ
ಗೋಪಿ ಅವರೇ, ಉಳುಕಿನ ವಿಷಯ ಅರ್ಧ ಒಪ್ಪುತ್ತೇನೆ. ಸೆಳೆತ ಒಪ್ಪುವುದಿಲ್ಲ. ಸೆಳೆತ ಅಂದರೆ ಜನರಿಗೆ ರಾತ್ರಿ ಮಲಗಿದಾಗ ಮೀನಖಂಡ ಗಟ್ಟಿಯಾಗಿ ಹಿಡಿದುಕೊಳ್ಳುತ್ತದಲ್ಲ, ಅದು. ಎರಡು ನಿಮಿಷ ಕಾಲು ಚಾಚಿ, ಹೆಬ್ಬೆರಳು ಮೇಲಕ್ಕೆ ಎಳೆದರೆ ಬಿಟ್ಟುಬಿಡುತ್ತದೆ. ಅಲ್ಲಿ ಯಾವ ಎಳೆಯೂ ತುಂಡಾಗಿರುವುದಿಲ್ಲ. ಸ್ಟ್ರೇನ್‌ನಲ್ಲಿ ಮಾಂಸಖಂಡದ ಎಳೆಗಳೇ ಹರಿದಿರುತ್ತವೆ. ಓಡುತ್ತಾ ಓಡುತ್ತಾ ತೊಡೆಯ ಹಿಂಭಾಗ ಚುಳ್ ಅಂದ ಹುಡುಗನಿಗೆ "ಸೆಳೆತ" ಅಂತ ಚೀಟಿ ಕೊಟ್ಟರೆ ಅವನು ಏನು ಮಾಡುತ್ತಾನೆ? ಸೆಳೆತಕ್ಕೆ ಮಾಡುವುದನ್ನೇ ಮಾಡುತ್ತಾನೆ. ಬಗ್ಗಿ ಕಾಲ್ಬೆರಳು ಮುಟ್ಟಿ ಜೋರಾಗಿ ಎಳೆಯುತ್ತಾನೆ. ಆಗತಾನೆ ಹರಿದ ಜಾಗವನ್ನು ಮತ್ತಷ್ಟು ಹರಿದುಕೊಳ್ಳುತ್ತಾನೆ. ಒಂದು ಪದ ತಪ್ಪಿದ್ದಕ್ಕೆ ಎರಡು ವಾರದ ಗಾಯ ಆರು ವಾರ ಆಗುತ್ತದೆ.

ಇನ್ನು ಉಳುಕು. ಜನ ಪಾದಕ್ಕೆ ಮಾತ್ರ ಉಳುಕು ಅನ್ನುವುದಿಲ್ಲ. "ಸೊಂಟ ಉಳುಕಿದೆ", "ಕತ್ತು ಉಳುಕಿದೆ" ಅನ್ನುತ್ತಾರೆ. ಕೊಡ ಎತ್ತುವಾಗ ಸೊಂಟ ಉಳುಕಿತು ಅಂದರೆ ಅದು ಹೆಚ್ಚಾಗಿ ಮಾಂಸಖಂಡದ ನೋವು. ಅಂದರೆ ನಮ್ಮ ಉಳುಕು ಎರಡನ್ನೂ ಹೊತ್ತುಕೊಂಡಿದೆ. ಪಾದದ ಹಾಳೆಯಲ್ಲಿ ಇದರಿಂದ ತೊಂದರೆ ಇಲ್ಲ. ಸೊಂಟದ ಹಾಳೆಯಲ್ಲಿ ಇದೆ.

ಪದಪ್ರೇಮಿ
ಲಿಗಮೆಂಟ್‌ಗೆ "ಕಟ್ಟುನಾರು" ಅನ್ನಿ. ಎಲುಬನ್ನು ಎಲುಬಿಗೆ ಕಟ್ಟುವ ನಾರು. ಅಚ್ಚಗನ್ನಡ, ಕೇಳಿದ ಕೂಡಲೇ ತಿಳಿಯುತ್ತದೆ. ಟೆಂಡನ್‌ಗೆ "ಕಂಡನಾರು", ಮಾಂಸಖಂಡವನ್ನು ಎಲುಬಿಗೆ ಸೇರಿಸುವ ನಾರು. ಅಸ್ಥಿರಜ್ಜು, ಸ್ನಾಯುರಜ್ಜು ಅನ್ನುವ ಭಾರದ ಪದ ಶಾಲೆಯ ಪುಸ್ತಕದಲ್ಲೇ ಇರಲಿ.

ಗೋಪಿ_ಕೆ
ಕಂಡನಾರು ಅಂದರೆ ಕಂಡ ನಾರು, ನೋಡಿದ ನಾರು 😂

ಪಿಟಿ_ಮೇಷ್ಟ್ರು
ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಹುಡುಗರು ಹೇಳುವ ಪದ ಒಂದೇ: "ಸರ್, ನರ ಎಳೀತಿದೆ." ಮೀನಖಂಡ ಹಿಡಿದರೂ ನರ. ಪಾದ ಹೊರಳಿದರೂ ನರ. ಮಂಡಿ ಕಟಕ್ ಅಂದರೂ "ನರ ಹರಿದಿದೆಯಂತೆ ಸರ್". ನೀವು ಏನೇ ಬರೆಯಿರಿ, ಮೊದಲು ಈ ನರದ ಮಾತಿಗೆ ಉತ್ತರ ಕೊಡಬೇಕಾಗುತ್ತದೆ.

ಡಾ_ಕೀಲುಮೂಳೆ
ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಆಡುಮಾತಿನ ನರ ತುಂಬಾ ದೊಡ್ಡ ಚೀಲ. ಕೈ ಮೇಲೆ ಉಬ್ಬಿ ಕಾಣುವ ರಕ್ತನಾಳವೂ ನರ, ಹಿಮ್ಮಡಿಯ ಮೇಲಿನ ದಪ್ಪ ಹುರಿಯೂ ನರ, ಲಿಗಮೆಂಟೂ ನರ. ಇದರಿಂದ ಏನಾಗುತ್ತದೆ ಗೊತ್ತಾ? "ನರದ ತೊಂದರೆ" ಅಂದುಕೊಂಡು ಮೆಡಿಕಲ್ ಶಾಪಿನಲ್ಲಿ ಬಿ12 ಮಾತ್ರೆ ತಗೊಂಡು ನುಂಗುತ್ತಾ ಕೂರುತ್ತಾರೆ. ಲಿಗಮೆಂಟಿಗೂ ಬಿ12ಗೂ ಯಾವ ಸಂಬಂಧವೂ ಇಲ್ಲ. ಹಾಗಾಗಿ ಕರಪತ್ರದಲ್ಲಿ ನರ ಅನ್ನುವ ಪದ ಒಂದೇ ಸಲ ಬರಲಿ: "ಇದು ನರದ ತೊಂದರೆ ಅಲ್ಲ." ಅಷ್ಟೇ ಸಾಕು.

ವಸಂತಾ_ಆರ್
ನಮ್ಮ ಅತ್ತೆಗೆ 68 ವರ್ಷ, ಮಂಡಿ ನೋವು ಜಾಸ್ತಿ. ಮೆಟ್ಟಿಲು ಇಳಿಯುವಾಗ ತುಂಬಾ ಕಷ್ಟ. ಇದಕ್ಕೂ ಲಿಗಮೆಂಟೇ ಕಾರಣವಾ? ಕರಪತ್ರ ಎಲ್ಲಿ ಸಿಗುತ್ತದೆ?

ಸುಮಾ_ಫಿಸಿಯೋ
ವಸಂತಕ್ಕ, ಈ ಕರಪತ್ರ ಆಟದಲ್ಲಿ ಆದ ಪೆಟ್ಟಿಗೆ. ಅತ್ತೆಯವರದು ಬಹುಶಃ ಮಂಡಿ ಸವೆತ ಇರಬಹುದು, ಆದರೆ ನೋಡದೆ ಹೇಳೋದು ಸರಿಯಲ್ಲ. ಹತ್ತಿರದ ಡಾಕ್ಟರಿಗೆ ಒಂದು ಸಲ ತೋರಿಸಿ.

ಡಾಕ್ಟ್ರೇ, ನನಗೆ ಇನ್ನೊಂದು ತಲೆನೋವು. ಹುಡುಗರು "ಉಳುಕಾ, ಲಿಗಮೆಂಟ್ ಟೇರಾ?" ಅಂತ ಕೇಳುತ್ತಾರೆ. ಇವೆರಡೂ ಬೇರೆ ಬೇರೆ ಕಾಯಿಲೆ ಅನ್ನುವ ಹಾಗೆ.

ಡಾ_ಕೀಲುಮೂಳೆ
ಕರಪತ್ರದ ತಿರುಳು ಅದೇ ಆಗಬೇಕು ಮೇಡಂ. ಮೂರು ಪದಕ್ಕೆ ಮೂರು ಕನ್ನಡ ಪದ ಹುಡುಕಿ ಪಟ್ಟಿ ಮಾಡಿದ ತಕ್ಷಣ ಮೂರು ಕಾಯಿಲೆ ಅಂತ ಆಗಿಬಿಡುತ್ತದೆ. ಇರುವುದು ಎರಡೇ. ಒಂದು, ಕೀಲಿನ ಲಿಗಮೆಂಟಿಗೆ ಪೆಟ್ಟು. ಇನ್ನೊಂದು, ಮಾಂಸಖಂಡಕ್ಕೆ ಅಥವಾ ಅದರ ತುದಿಯ ಹುರಿಗೆ ಪೆಟ್ಟು. ಲಿಗಮೆಂಟ್ ಹರಿಯುವುದು ಮೊದಲನೆಯದರಲ್ಲೇ ಒಂದು ಹಂತ. ಉಳುಕು ಅಂದರೇನೇ ಲಿಗಮೆಂಟಿಗೆ ಪೆಟ್ಟು.

ಹಗ್ಗವನ್ನು ನೆನೆಸಿಕೊಳ್ಳಿ. ಜೋರಾಗಿ ಜಗ್ಗಿದಾಗ ಎಲ್ಲೋ ಕೆಲವು ಸಣ್ಣ ಎಳೆ ಹೋಗಿ ಹಗ್ಗ ಗಟ್ಟಿಯಾಗಿಯೇ ಉಳಿದರೆ ಅದು ಒಂದನೇ ಹಂತ. ಸುಮಾರು ಎಳೆಗಳು ತುಂಡಾಗಿ ಉಳಿದವು ಹಿಡಿದುಕೊಂಡಿದ್ದರೆ ಎರಡನೇ ಹಂತ. ಪೂರ್ತಿ ಎರಡು ತುಂಡಾದರೆ ಮೂರನೇ ಹಂತ. ಮೂರಕ್ಕೂ ಹೆಸರು ಉಳುಕೇ. "ಅಯ್ಯೋ ಬರೀ ಉಳುಕು" ಅಂತ ಮೂರನೇ ಹಂತದವನು ನಾಲ್ಕನೇ ದಿನ ಕಬಡ್ಡಿ ಆಡುತ್ತಾನೆ. ರಿಪೋರ್ಟಿನಲ್ಲಿ "ಟೇರ್" ಅಂತ ಓದಿದ ಒಂದನೇ ಹಂತದವನು ಆಪರೇಷನ್ ಅಂತ ಹೆದರಿ ಮೂರು ತಿಂಗಳು ಹಾಸಿಗೆ ಬಿಟ್ಟು ಏಳುವುದಿಲ್ಲ. ಇಬ್ಬರಿಗೂ ತೊಂದರೆ ಮಾಡಿದ್ದು ಪದವೇ.

ಇನ್ನೊಂದು ಮಾತು ಸೇರಿಸಿ. ನೋವು ಎಷ್ಟಿದೆ ಅಂತ ನೋಡಿ ಹಂತ ಹೇಳಲು ಆಗುವುದಿಲ್ಲ. ಪೂರ್ತಿ ಹರಿದವನಿಗೆ ಕೆಲವೊಮ್ಮೆ ಅರ್ಧ ಹರಿದವನಿಗಿಂತ ಕಡಿಮೆ ನೋವಿರುತ್ತದೆ. ಎಳೆಯಲು ಅಲ್ಲಿ ಏನೂ ಉಳಿದಿರುವುದಿಲ್ಲವಲ್ಲ.

ಕರಾವಳಿ_ಸ್ಮ್ಯಾಶ್
ಇದು ಗೊತ್ತಿರಲಿಲ್ಲ. ನನಗೆ ವಾಲಿಬಾಲ್‌ನಲ್ಲಿ ನೆಟ್ ಹತ್ತಿರ ಜಿಗಿದು ಇಳಿಯುವಾಗ ಎದುರಿನವನ ಪಾದದ ಮೇಲೆ ಇಳಿದು ಕಾಲು ಒಳಕ್ಕೆ ಮಗುಚಿತ್ತು. ಎಕ್ಸ್‌ರೇ ತೆಗೆದು "ಏನೂ ಆಗಿಲ್ಲ, ನಾರ್ಮಲ್" ಅಂದರು. ಆದರೆ ಊತ ಮೂರು ವಾರ ಇತ್ತು. ಏನೂ ಆಗಿಲ್ಲ ಅಂದರೆ ಊತ ಯಾಕೆ?

ಡಾ_ಕೀಲುಮೂಳೆ
ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ಲಿಗಮೆಂಟ್ ಕಾಣುವುದಿಲ್ಲ. "ನಾರ್ಮಲ್" ಅಂದರೆ "ಎಲುಬು ಮುರಿದಿಲ್ಲ" ಅಂತ ಮಾತ್ರ. ನೀವು ಹೇಳಿದ ಹಾಗೆ ಕಾಲು ಒಳಕ್ಕೆ ಮಗುಚಿದಾಗ ಪೆಟ್ಟು ಬೀಳುವುದು ಹೆಚ್ಚಾಗಿ ಹೊರಬದಿಯ, ಮುಂದಿನ ಲಿಗಮೆಂಟಿಗೆ. ಮೊದಲ ದಿನ ಊತ, ನೋವು ಎರಡೂ ಜಾಸ್ತಿ ಇರುವುದರಿಂದ ಕೈಯಿಂದ ಅಲ್ಲಾಡಿಸಿ ನೋಡಿದರೂ ಸರಿಯಾಗಿ ತಿಳಿಯುವುದಿಲ್ಲ. ನಾಲ್ಕೈದು ದಿನ ಬಿಟ್ಟು ಊತ ಇಳಿದ ಮೇಲೆ ನೋಡಿದರೆ ಕೀಲು ಸಡಿಲವಾಗಿದೆಯೋ ಇಲ್ಲವೋ ಚೆನ್ನಾಗಿ ಗೊತ್ತಾಗುತ್ತದೆ. ಸುಮಾ ಅವರೇ, "5ನೇ ದಿನ ಮತ್ತೆ ಬನ್ನಿ" ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಹಾಕಿ. ಜನ ಬರುವುದೇ ಇಲ್ಲ.

ಸುಮಾ_ಫಿಸಿಯೋ
ಬರೆದುಕೊಂಡೆ. ಎಕ್ಸ್‌ರೇ ಯಾರಿಗೆ ಬೇಕು ಅನ್ನುವುದಕ್ಕೆ ಒಟ್ಟಾವಾ ನಿಯಮ ಇದೆಯಲ್ಲ, ಅದನ್ನು ಮನೆಯವರಿಗೆ ಅರ್ಥವಾಗುವ ಹಾಗೆ ಬರೆಯಲು ಆಗುತ್ತಾ? ನಾನು ಬರೆದರೆ ಮತ್ತೆ ಪಾಠದ ಪುಸ್ತಕದ ಥರ ಆಗುತ್ತಿದೆ.

ಡಾ_ಕೀಲುಮೂಳೆ
ಪ್ರಯತ್ನ ಮಾಡುತ್ತೇನೆ. ಕೆನಡಾದ ಒಟ್ಟಾವಾದಲ್ಲಿ ಮಾಡಿದ ನಿಯಮ, 1992ರಲ್ಲಿ ಬಂತು. ಪಾದ ಹೊರಳಿದ ಪ್ರತಿಯೊಬ್ಬರಿಗೂ ಎಕ್ಸ್‌ರೇ ಬೇಡ ಅಂತ ಡಾಕ್ಟರುಗಳಿಗೆ ಹೇಳಲು ಮಾಡಿದ್ದು. ಮನೆಯವರಿಗೆ ಹೀಗೆ ಹೇಳಬಹುದು:

"ಪಾದದ ಮೇಲೆ, ಎರಡೂ ಬದಿಗೆ, ಒಂದೊಂದು ಎಲುಬು ಉಬ್ಬಿ ಕಾಣುತ್ತದೆ. ಆ ಉಬ್ಬಿನ ತುದಿಯನ್ನು, ಅದರ ಹಿಂಬದಿಯ ಅಂಚನ್ನು ನಾಲ್ಕು ಬೆರಳಗಲ ಮೇಲಿನವರೆಗೆ ಮೆಲ್ಲಗೆ ಒತ್ತಿ ನೋಡಿ. ಎಲುಬಿನ ಮೇಲೆಯೇ ನೋವಿದ್ದರೆ ಎಕ್ಸ್‌ರೇ ಮಾಡಿಸಿ. ಪಾದದ ಹೊರ ಅಂಚಿನಲ್ಲಿ, ಕಿರುಬೆರಳಿಗೂ ಹಿಮ್ಮಡಿಗೂ ನಡುವೆ, ಒಂದು ಎಲುಬಿನ ಗುಬುಟು ಕೈಗೆ ಸಿಗುತ್ತದೆ. ಅಲ್ಲಿ ಒತ್ತಿದಾಗ ನೋವಿದ್ದರೂ ಎಕ್ಸ್‌ರೇ ಮಾಡಿಸಿ. ಪೆಟ್ಟು ಬಿದ್ದ ತಕ್ಷಣವೂ ಈಗಲೂ ಕುಂಟಿಕೊಂಡಾದರೂ 4 ಹೆಜ್ಜೆ ಇಡಲು ಆಗದಿದ್ದರೂ ಮಾಡಿಸಿ."

ಪಾದದ ಒಳಬದಿಯಲ್ಲೂ ಒಂದು ಎಲುಬು ನೋಡಬೇಕು. ಅದು ಬರೆದು ಹೇಳುವುದಕ್ಕಿಂತ ಚಿತ್ರದಲ್ಲಿ ಚುಕ್ಕೆ ಇಟ್ಟರೆ ಸುಲಭ. ಮತ್ತೆ ಸಣ್ಣ ಮಕ್ಕಳಿಗೆ, ಕುಡಿದವರಿಗೆ, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಇದನ್ನು ನಂಬಬೇಡಿ. ಅವರಿಗೆ ನೋವು ಸರಿಯಾಗಿ ತಿಳಿಯುವುದಿಲ್ಲ, ಅಥವಾ ಹೇಳಲು ಬರುವುದಿಲ್ಲ.

ಪಿಟಿ_ಮೇಷ್ಟ್ರು
4 ಹೆಜ್ಜೆಯದು ಮೈದಾನಕ್ಕೆ ಬಹಳ ಉಪಯೋಗ. ನಾವು ಇಲ್ಲಿಯವರೆಗೆ "ಬೆರಳು ಅಲ್ಲಾಡಿಸು" ಅಂತ ಹೇಳುತ್ತಿದ್ದೆವು. ಬೆರಳು ಅಲ್ಲಾಡಿದರೆ ಮುರಿದಿಲ್ಲ ಅಂತ ಲೆಕ್ಕ.

ಡಾ_ಕೀಲುಮೂಳೆ
ಆ ಲೆಕ್ಕ ಬಿಟ್ಟುಬಿಡಿ ಮೇಷ್ಟ್ರೇ. ಪಾದದ ಎಲುಬು ಮುರಿದವರೂ ಬೆರಳು ಅಲ್ಲಾಡಿಸುತ್ತಾರೆ.

ಶಟಲ್_ರಾಘು
ನನ್ನ ಕಥೆ ಕೇಳಿ. 42 ವರ್ಷ, ಭಾನುವಾರದ ಬ್ಯಾಡ್ಮಿಂಟನ್. ಹಿಂದಕ್ಕೆ ಹೋಗಿ ಒಮ್ಮೆಲೇ ಮುಂದಕ್ಕೆ ನುಗ್ಗಿದೆ. ಹಿಂದಿನಿಂದ ಯಾರೋ ಹಿಮ್ಮಡಿ ಮೇಲೆ ಬಲವಾಗಿ ಒದ್ದ ಹಾಗಾಯಿತು. ತಿರುಗಿ ಜೊತೆಗಾರನಿಗೆ ಬೈದೇ ಬಿಟ್ಟೆ. ಅವನು ಆರಡಿ ದೂರದಲ್ಲಿದ್ದ! ಒಂದು ಆಸ್ಪತ್ರೆಯಲ್ಲಿ ನೋಡಿ "ಉಳುಕು" ಅಂತ ಕ್ರೇಪ್ ಬ್ಯಾಂಡೇಜ್ ಸುತ್ತಿ ಕಳಿಸಿದರು. ನಡೆಯಲು ಆಗುತ್ತಿತ್ತು, ಅದಕ್ಕೆ ನಾನೂ ನಂಬಿದೆ. ಮೂರು ವಾರ ಕಳೆದರೂ ತುದಿಗಾಲಲ್ಲಿ ನಿಲ್ಲಲು ಆಗಲಿಲ್ಲ. ಬೇರೆ ಕಡೆ ತೋರಿಸಿದಾಗ ಹಿಮ್ಮಡಿ ಮೇಲಿನ ದಪ್ಪ ಹುರಿ ಪೂರ್ತಿ ಹರಿದಿದೆ ಅಂದರು. ಉಳುಕು ಅನ್ನುವ ಒಂದು ಪದಕ್ಕೆ ಮೂರು ವಾರ ಹೋಯಿತು.

ಡಾ_ಕೀಲುಮೂಳೆ
ರಾಘು ಅವರದು ಲಿಗಮೆಂಟ್ ಅಲ್ಲ, ಟೆಂಡನ್. ಅಕಿಲಿಸ್ ಅನ್ನುತ್ತಾರೆ. ಹೊಟ್ಟೆ ಕೆಳಗೆ ಮಾಡಿ ಮಲಗಿಸಿ, ಪಾದ ಮಂಚದಿಂದ ಹೊರಗೆ ಇಳಿಬಿಟ್ಟು, ಮೀನಖಂಡವನ್ನು ಕೈಯಿಂದ ಹಿಚುಕಬೇಕು. ಸರಿ ಇರುವ ಕಾಲಿನಲ್ಲಿ ಪಾದ ತಾನಾಗಿ ಕೆಳಕ್ಕೆ ಚಲಿಸುತ್ತದೆ. ಹರಿದ ಕಾಲಿನಲ್ಲಿ ಅಲ್ಲಾಡುವುದಿಲ್ಲ. ಅರ್ಧ ನಿಮಿಷದ ಪರೀಕ್ಷೆ. ಬೇರೆ ಮಾಂಸಖಂಡಗಳೂ ಪಾದವನ್ನು ಒಂದಿಷ್ಟು ಕೆಳಕ್ಕೆ ತಳ್ಳುವುದರಿಂದ ಇಂಥವರು ನಡೆಯಬಲ್ಲರು. ಜನ ಮೋಸ ಹೋಗುವುದು ಅಲ್ಲಿಯೇ.

ಸುಮಾ ಅವರೇ, "ಹಿಂದಿನಿಂದ ಒದ್ದ ಹಾಗೆ ಅನ್ನಿಸಿತೇ? ತುದಿಗಾಲಲ್ಲಿ ನಿಲ್ಲಲು ಆಗುತ್ತಿಲ್ಲವೇ? ಇದು ಉಳುಕಲ್ಲ, ಇವತ್ತೇ ತೋರಿಸಿ" ಅಂತ ಒಂದು ಚೌಕದಲ್ಲಿ ಹಾಕಿ.

ಪದಪ್ರೇಮಿ
ನೋಡಿ, ಇಲ್ಲಿ ಎಲ್ಲರೂ "ಹುರಿ" ಅನ್ನುತ್ತಿದ್ದೀರಿ. ಟೆಂಡನ್‌ಗೆ ಹುರಿ ಚೆನ್ನಾಗಿದೆ. ಕಂಡನಾರು ವಾಪಸ್ ತಗೊಂಡೆ. ಕಟ್ಟುನಾರು ಮಾತ್ರ ಬಿಡುವುದಿಲ್ಲ.

ಅನುವಾದ_ಮೀನಾ
ನಾನು ಆರೋಗ್ಯದ ಸಾಹಿತ್ಯ ಅನುವಾದ ಮಾಡುವವಳು. ಇಲ್ಲಿ ಕೂತು ಮತ ಹಾಕಿದರೆ ಪದ ನಿಲ್ಲುವುದಿಲ್ಲ. ಎರಡು ಪ್ಯಾರಾ ಬರೆದು ಕ್ಲಿನಿಕ್‌ಗೆ ಬಂದವರಿಗೆ ಓದಲು ಕೊಡಿ. "ಅರ್ಥವಾಯಿತಾ?" ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ಹಾಳೆ ಮಗುಚಿ ಇಟ್ಟು "ಈಗ ಮನೆಗೆ ಹೋಗಿ ಏನು ಮಾಡುತ್ತೀರಿ, ಹೇಳಿ" ಅಂತ ಕೇಳಿ. ತಪ್ಪು ಎಲ್ಲಿದೆ ಅಂತ ಅವರ ಉತ್ತರದಲ್ಲೇ ಸಿಗುತ್ತದೆ.

ಇನ್ನೊಂದು, ಇಂಗ್ಲಿಷ್ ಹಾಳೆಯಲ್ಲಿ ಎಲ್ಲಾ ನಾಮಪದ. ಕನ್ನಡದಲ್ಲಿ ಕ್ರಿಯಾಪದ ಹಾಕಿದರೆ ಅರ್ಧ ತೊಡಕು ಬಿಡಿಸಿಕೊಳ್ಳುತ್ತದೆ. "ಭಾಗಶಃ ಹರಿಯುವಿಕೆ" ಅಂದರೆ ನದಿ ನೆನಪಾಗುತ್ತದೆ. "ಸ್ವಲ್ಪ ಹರಿದಿದೆ" ಅಂದರೆ ಎಲ್ಲರಿಗೂ ತಿಳಿಯುತ್ತದೆ.

ಬೆಳಗಾವಿ_ಕಾಕಾ
ನಮ್ಮ ಕಡೆ "ಜಗ್ಗಿದೆ" ಅಂದರೆ ಎಳೆದಿದೆ ಅಂತ. ಮಾಂಸಖಂಡ ಜಗ್ಗಿದೆ ಅಂತ ಬರೆದರೆ ಬೆಳಗಾವಿಯಿಂದ ಹಾಸನದವರೆಗೂ ನಡೆಯುತ್ತದೆ ಅನ್ನಿಸುತ್ತದೆ. "ಹಿಗ್ಗಿದೆ" ಮಾತ್ರ ಬೇಡ. ಲಿಗಮೆಂಟ್ ಖುಷಿಯಾಗಿದೆ ಅಂದ ಹಾಗಾಗುತ್ತದೆ.

ಡಾ_ಕೀಲುಮೂಳೆ
"ಕಿತ್ತುಹೋಗಿದೆ" ಕೂಡ ಜೋಪಾನ. ಕೆಲವೊಮ್ಮೆ ಲಿಗಮೆಂಟ್ ಹರಿಯುವ ಬದಲು ತಾನು ಅಂಟಿದ್ದ ಎಲುಬಿನ ಚೂರನ್ನೇ ಕಿತ್ತುಕೊಂಡು ಬರುತ್ತದೆ. ಅದಕ್ಕೆ ಆ ಪದ ಉಳಿಸಿಕೊಳ್ಳಿ. ಪೂರ್ತಿ ಹರಿದಿದ್ದರೆ "ಪೂರ್ತಿ ಹರಿದಿದೆ" ಅಂತಲೇ ಬರೆಯಿರಿ.

ಸುಮಾ_ಫಿಸಿಯೋ
ಮೀನಾ ಮೇಡಂ ಹೇಳಿದ ಹಾಗೆ ಮಾಡಿದೆ. ನಾನು ಬರೆದ ಪ್ಯಾರಾ ಇದು:

"ನಿಮ್ಮ ಪಾದದ ಕೀಲು ಉಳುಕಿದೆ. ಕೀಲಿನಲ್ಲಿ ಒಂದು ಎಲುಬನ್ನು ಇನ್ನೊಂದು ಎಲುಬಿಗೆ ಬಿಗಿಯಾಗಿ ಹಿಡಿದಿಡುವ ಕಟ್ಟುನಾರು ಇರುತ್ತದೆ. ಪಾದ ಹೊರಳಿದಾಗ ಅದಕ್ಕೆ ಪೆಟ್ಟಾಗಿದೆ. ಕೆಲವರಿಗೆ ಅದು ಬರೀ ಜಗ್ಗಿರುತ್ತದೆ, ಕೆಲವರಿಗೆ ಸ್ವಲ್ಪ ಹರಿದಿರುತ್ತದೆ, ಕೆಲವರಿಗೆ ಪೂರ್ತಿ ಹರಿದಿರುತ್ತದೆ. ಮೂರೂ ಉಳುಕೇ. ಇದು ನರದ ತೊಂದರೆ ಅಲ್ಲ. ಪೂರ್ತಿ ಹರಿದಿದ್ದರೂ ಪಾದದ ಕೀಲಿಗೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದಿಲ್ಲ."

ಮೊದಲು ಓದಿದವನು ಒಬ್ಬ ಕಬಡ್ಡಿ ರೈಡರ್. ಹಾಳೆ ಮಗುಚಿ ಕೇಳಿದೆ, ಏನು ಮಾಡುತ್ತೀಯಪ್ಪ ಅಂತ. "ಕಟ್ಟುನಾರು ತರುತ್ತೇನೆ ಮೇಡಂ, ಬಾಳೆ ನಾರು ಆದರೆ ಆಗುತ್ತಾ?" ಅಂದ. ಕಾಲಿಗೆ ಕಟ್ಟುವ ನಾರು ಅಂದುಕೊಂಡಿದ್ದಾನೆ! ಅವನ ತಾಯಿಗೂ ಹಾಗೇ ಅನ್ನಿಸಿತ್ತು. "ಕಟ್ಟುನಾರು" ತೆಗೆದು "ಲಿಗಮೆಂಟ್" ಅಂತ ಕನ್ನಡದಲ್ಲಿ ಬರೆದು ಇನ್ನೊಬ್ಬನಿಗೆ ಕೊಟ್ಟೆ. "ಕೀಲಿನ ಒಳಗೆ ಹರಿದಿದೆ, ತಾನಾಗಿ ಕೂಡಿಕೊಳ್ಳುತ್ತದೆ, ನೀವು ಹೇಳಿದ ಹಾಗೆ ಮಾಡಬೇಕು" ಅಂದ. ಪದಪ್ರೇಮಿ ಸರ್, ಬೇಜಾರು ಮಾಡಿಕೊಳ್ಳಬೇಡಿ.

ಪದಪ್ರೇಮಿ
ಬೇಜಾರಿಲ್ಲ, ಆದರೆ ಒಪ್ಪುವುದೂ ಇಲ್ಲ. ಯಾವ ಪದವೂ ಮೊದಲ ದಿನ ಹೊಸದೇ. ನಾಲ್ಕು ಕಡೆ ಓದಿದ ಮೇಲೆ ಕಟ್ಟುನಾರೂ ಕಿವಿಗೆ ಕೂರುತ್ತದೆ. ಲಿಗಮೆಂಟ್ ಯಾರೋ ಕ್ರಿಕೆಟ್ ಕಾಮೆಂಟರಿಯಲ್ಲಿ ಸಾವಿರ ಸಲ ಹೇಳಿದ್ದಕ್ಕೆ ಗೊತ್ತು. ನಾವು ಹೇಳದಿದ್ದರೆ ಕನ್ನಡ ಪದ ಯಾರಿಗೆ ಗೊತ್ತಾಗಬೇಕು?

ಅನುವಾದ_ಮೀನಾ
ಪಾಠದ ಪುಸ್ತಕಕ್ಕೆ ಆ ಮಾತು ಸರಿ. ಕಾಲು ಊದಿಸಿಕೊಂಡು ಕೂತವನಿಗೆ ನಾಲ್ಕು ಕಡೆ ಓದುವ ಪುರುಸೊತ್ತಿಲ್ಲ. ಡಾಕ್ಟರ್ ಚೀಟಿ, ಸ್ಕ್ಯಾನ್ ರಿಪೋರ್ಟ್, ಮೆಡಿಕಲ್ ಶಾಪ್, ಎಲ್ಲ ಕಡೆ ಅವನು ಕೇಳುವುದು ಲಿಗಮೆಂಟ್. ಹಾಳೆಯಲ್ಲಿ ಬೇರೆ ಪದ ಇದ್ದರೆ ತನಗೆ ಆಗಿರುವುದು ಬೇರೆಯೇ ಅಂದುಕೊಳ್ಳುತ್ತಾನೆ.

ಗೋಪಿ_ಕೆ
ಪಾದದ ಕೀಲು ಅಂತ ಯಾಕೆ, ಹರಡು ಅನ್ನೋ ಒಳ್ಳೆ ಪದ ಇದೆಯಲ್ಲ?

ಪಿಟಿ_ಮೇಷ್ಟ್ರು
ಹರಡು ನಮ್ಮಜ್ಜಿಗೆ ಗೊತ್ತಿತ್ತು. ನನ್ನ ಹುಡುಗರಿಗೆ ಹರಡು ಅಂದರೆ ಚಾಪೆ ಹರಡು.

ಬೆಳಗಾವಿ_ಕಾಕಾ
ಕಣಕಾಲು ಅನ್ನಿ ಅಂತ ಹೇಳಬೇಕೆಂದಿದ್ದೆ. ಆಮೇಲೆ ನಮ್ಮ ಮನೆಯಲ್ಲೇ ಕೇಳಿದೆ. ಒಬ್ಬರು ಪಾದದ ಗಂಟು ತೋರಿಸಿದರು, ಇನ್ನೊಬ್ಬರು ಮಂಡಿಯ ಕೆಳಗಿನ ಕಾಲು ತೋರಿಸಿದರು. ಪಾದದ ಕೀಲೇ ಇರಲಿ.

ಕರಾವಳಿ_ಸ್ಮ್ಯಾಶ್
ಮುಖ್ಯವಾದ್ದು ಯಾರೂ ಹೇಳಲಿಲ್ಲ. ಉಳುಕು ಅಂತ ಬರೆದ ಕೂಡಲೇ ನಮ್ಮ ಊರಿನಲ್ಲಿ ಮುಂದಿನ ಹೆಜ್ಜೆ "ಉಳುಕು ತೆಗೆಸುವುದು". ಎಣ್ಣೆ ಹಚ್ಚಿ ನೀವಿ, ಹೆಬ್ಬೆರಳು ಹಿಡಿದು ಟಕ್ ಅಂತ ಎಳೆಯುತ್ತಾರೆ. ಆಮೇಲೆ ಹುಣಸೆಹಣ್ಣು ಉಪ್ಪು ಬಿಸಿ ಮಾಡಿ ಪಟ್ಟು.

ಡಾ_ಕೀಲುಮೂಳೆ
ಹೌದು, ಆ ಪದದೊಳಗೇ ಚಿಕಿತ್ಸೆಯೂ ಅಡಗಿದೆ. ಉಳುಕು ಅಂದರೆ ಜನರ ಮನಸ್ಸಿನಲ್ಲಿ ಏನೋ ಜಾಗ ತಪ್ಪಿ ಕೂತಿದೆ, ಅದನ್ನು ಎಳೆದು ಸರಿ ಮಾಡಬೇಕು. ಉಳುಕಿನಲ್ಲಿ ಯಾವುದೂ ಜಾಗ ತಪ್ಪಿರುವುದಿಲ್ಲ. ಕೀಲು ತಪ್ಪುವುದು ಬೇರೆ, ಅದರಲ್ಲಿ ಪಾದದ ಆಕಾರವೇ ಕೆಟ್ಟಿರುತ್ತದೆ. ಅದನ್ನೂ ಮನೆಯಲ್ಲಿ ಎಳೆಯಬಾರದು. ಹೊಸ ಪೆಟ್ಟಿನಲ್ಲಿ ಒಳಗೆ ಸಣ್ಣಗೆ ರಕ್ತ ಸೋರುತ್ತಿರುತ್ತದೆ. ಮೊದಲ 2–3 ದಿನ ನೀವಿದರೆ, ಬಿಸಿ ಕೊಟ್ಟರೆ ಊತ ಹೆಚ್ಚುತ್ತದೆ. ಬಿಸಿ ಪಟ್ಟಿನ ಇನ್ನೊಂದು ತೊಂದರೆ, ಚರ್ಮದ ಬಣ್ಣ ಕಾಣುವುದಿಲ್ಲ. ಹಸಿರು ನೀಲಿ ಎಲ್ಲಿಯವರೆಗೆ ಇಳಿದಿದೆ ಅಂತ ನಮಗೆ ನೋಡಬೇಕಿರುತ್ತದೆ.

ಸುಮಾ_ಫಿಸಿಯೋ
ಹಾಗಾದರೆ ಹೀಗೆ ಸೇರಿಸುತ್ತೇನೆ: "ಯಾವ ಎಲುಬೂ ಜಾಗ ತಪ್ಪಿಲ್ಲ. ಎಳೆದು ಸರಿ ಮಾಡುವಂಥದ್ದು ಏನೂ ಇಲ್ಲ. ಮೊದಲ 3 ದಿನ ನೀವಿಸಬೇಡಿ, ಎಳೆಸಬೇಡಿ, ಬಿಸಿ ಪಟ್ಟು ಹಾಕಬೇಡಿ." ನೀವುವವರ ಮೇಲೆ ಒಂದಕ್ಷರವೂ ಬರೆಯುವುದಿಲ್ಲ. ಅವರಲ್ಲಿ ಇಬ್ಬರು ನನ್ನ ಹತ್ತಿರವೇ ಮಂಡಿ ನೋವಿಗೆ ಬರುತ್ತಾರೆ 🙂

ಶಟಲ್_ರಾಘು
ಐಸ್ ಇಡಬೇಕಾ ಬೇಡವಾ? ಈಗ ಐಸ್ ತಪ್ಪು ಅಂತ ವಿಡಿಯೋದಲ್ಲಿ ಹೇಳುತ್ತಾರೆ.

ಸುಮಾ_ಫಿಸಿಯೋ
ವಿಶ್ರಾಂತಿ, ಐಸ್, ಬಿಗಿ ಬ್ಯಾಂಡೇಜ್, ಕಾಲು ಎತ್ತರ, ಈ ನಾಲ್ಕನ್ನೂ ಒಂದು ಹೆಸರಿನಲ್ಲಿ ಕಟ್ಟಿದ್ದು ಗೇಬ್ ಮಿರ್ಕಿನ್ ಅನ್ನುವ ಅಮೆರಿಕದ ಡಾಕ್ಟರ್, 1978ರಲ್ಲಿ. ಐಸ್‌ನಿಂದ ವಾಸಿಯಾಗುವುದು ನಿಧಾನವಾಗಬಹುದು ಅಂತ ಆಮೇಲೆ ಅವರೇ ಬರೆದರು. 2019ರಲ್ಲಿ ಬಂದ ಹೊಸ ಸೂತ್ರದಲ್ಲಿ ಐಸ್ ಇಲ್ಲವೇ ಇಲ್ಲ. ನೋವು ಕಡಿಮೆ ಮಾಡುತ್ತದೆ ಅನ್ನುವುದಂತೂ ನಿಜ. ನಾನು "ನೋವು ಜಾಸ್ತಿ ಇದ್ದರೆ ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ" ಅಂತ ಮಾತ್ರ ಬರೆದಿದ್ದೇನೆ. ಇಲ್ಲಿ ಜಗಳ ಬೇಡ, ಅದಕ್ಕೆ ಬೇರೆ ದಿನ ಇದೆ.

ಡಾ_ಕೀಲುಮೂಳೆ
ಐಸ್ ವಿಷಯದಲ್ಲಿ ನಾನು ಇನ್ನೂ ಹಳಬ. ಮೊದಲ ಎರಡು ದಿನ ಇಡಿಸುತ್ತೇನೆ. ಬೇರೆ ದಿನ ಜಗಳ ಆಡೋಣ.

ಪಿಟಿ_ಮೇಷ್ಟ್ರು
ಆಟಕ್ಕೆ ಯಾವಾಗ ಬಿಡಬೇಕು ಅಂತ ಬರೆಯಿರಿ. "ನೋವು ಹೋದ ಮೇಲೆ" ಅಂದರೆ ಹುಡುಗರು ಮಾರನೇ ದಿನವೇ ನೋವಿಲ್ಲ ಅನ್ನುತ್ತಾರೆ. ಸೆಮಿಫೈನಲ್ ಇದ್ದರಂತೂ ಕೇಳಲೇಬೇಡಿ.

ಸುಮಾ_ಫಿಸಿಯೋ
ದಿನದ ಲೆಕ್ಕ ಒಂದು ಅಂದಾಜು ಮಾತ್ರ ಮೇಷ್ಟ್ರೇ. ಬರೀ ಜಗ್ಗಿದ್ದರೆ ಒಂದೆರಡು ವಾರ, ಸ್ವಲ್ಪ ಹರಿದಿದ್ದರೆ ಮೂರರಿಂದ ಆರು ವಾರ, ಪೂರ್ತಿ ಹರಿದಿದ್ದರೆ ಎರಡು ಮೂರು ತಿಂಗಳು. ಅದಕ್ಕಿಂತ ಮಾಡಿ ತೋರಿಸುವುದು ಒಳ್ಳೆಯದು. ಪೆಟ್ಟಾದ ಕಾಲೊಂದರ ಮೇಲೆ ಕಣ್ಣು ಮುಚ್ಚಿ ನಿಲ್ಲಲಿ, ಇನ್ನೊಂದು ಕಾಲಿನಷ್ಟೇ ಹೊತ್ತು. ಅದೇ ಕಾಲಲ್ಲಿ ಕುಂಟಾಬಿಲ್ಲೆ ಥರ ಮುಂದಕ್ಕೂ ಪಕ್ಕಕ್ಕೂ ಹಾರಲಿ. ಅಡ್ಡ ದಿಕ್ಕಿಗೆ ಓಡಿ ಒಮ್ಮೆಲೇ ತಿರುಗಲಿ. ಹೆದರಿಕೆ ಇಲ್ಲದೆ ಮಾಡಿದರೆ ಬಿಡಿ. ನೋವು ಹೋದರೂ ಕೀಲಿನ ಸಮತೋಲ ಬಂದಿರುವುದಿಲ್ಲ, ಮತ್ತೆ ಮತ್ತೆ ಅದೇ ಕಾಲು ಹೊರಳುವುದು ಅದರಿಂದಲೇ.

ಇಂಗ್ಲಿಷ್ ಹಾಳೆಯಲ್ಲಿ ಹೆಬ್ಬೆರಳಿನಿಂದ ಗಾಳಿಯಲ್ಲಿ ಎ ಟು ಝಡ್ ಬರೆಯುವ ವ್ಯಾಯಾಮ ಇದೆ. ನಾನು ಅ ಆ ಇ ಈ ಬರೆಸುತ್ತೇನೆ. 49 ಅಕ್ಷರ, ಹೆಚ್ಚಿನವು ದುಂಡಗೆ. ಪಾದ ಎಲ್ಲ ಕಡೆಗೂ ತಿರುಗುತ್ತದೆ. ಬರೆಯುವಾಗ ಮಂಡಿ ಅಲ್ಲಾಡಬಾರದು, ಅಷ್ಟೇ.

ಪದಪ್ರೇಮಿ
ಇದಕ್ಕೆ ಒಂದು ಚಪ್ಪಾಳೆ 👏 ಋ ಬರೆಯುವಾಗ ಜೋಪಾನ.

ಬೆಳಗಾವಿ_ಕಾಕಾ
ಮಾಂಸಖಂಡದ್ದು ಹಾಗೇ ಉಳಿಯಿತಲ್ಲ. ಅದು ಇದೇ ಹಾಳೆಯಲ್ಲಿ ಇರುತ್ತಾ?

ಸುಮಾ_ಫಿಸಿಯೋ
ಇಲ್ಲ ಕಾಕಾ, ತೊಡೆಗೆ ಬೇರೆ ಹಾಳೆ. ಶೀರ್ಷಿಕೆ "ಓಡುವಾಗ ತೊಡೆಯ ಹಿಂಭಾಗ ಜಗ್ಗಿದೆಯೇ?" ಅಂತ. ಅದರಲ್ಲಿ ಸೆಳೆತ, ಸ್ನಾಯು ಎರಡೂ ಪದ ಇರುವುದಿಲ್ಲ, ಮಾಂಸಖಂಡ ಅಂತಲೇ ಹಾಕಿದ್ದೇನೆ. "ಮೊದಲ ಕೆಲವು ದಿನ ಬಗ್ಗಿ ಎಳೆಯಬೇಡಿ" ಅನ್ನುವುದು ಮೊದಲ ಸಾಲು. ಮಂಡಿಯ ಲಿಗಮೆಂಟಿಗೂ ಬೇರೆ ಹಾಳೆ. ಪಾದದಲ್ಲಿ ಪೂರ್ತಿ ಹರಿದರೂ ಆಪರೇಷನ್ ಬೇಡ ಅಂದ ಮಾತನ್ನು ಮಂಡಿಗೂ ಅನ್ವಯಿಸಿಕೊಂಡರೆ ಕಷ್ಟ. ಕಟಕ್ ಅಂದು, ಎರಡು ಮೂರು ಗಂಟೆಯಲ್ಲೇ ಮಂಡಿ ಊದಿಕೊಂಡು, ನಡೆಯುವಾಗ ಮಂಡಿ ಕುಸಿದ ಹಾಗಾದರೆ ಡಾಕ್ಟರ್ ನೋಡಲೇಬೇಕು.

ಗೋಪಿ_ಕೆ
ಮಂಡಿ ಹಾಳೆಯಲ್ಲಿ ಮೆನಿಸ್ಕಸ್, ಅಂದರೆ ಮಂಡಿಯ ಎಲುಬುಗಳ ನಡುವಿನ ಮೆತ್ತೆ, ಬರುತ್ತದಲ್ಲ, ಅದಕ್ಕೇನು ಪದ?

ಪದಪ್ರೇಮಿ
ಅರೆಚಂದ್ರ ಮೆಲ್ಲೆಲುಬು.

ಪಿಟಿ_ಮೇಷ್ಟ್ರು
ಮೇಡಂ, ಆ ಕಬಡ್ಡಿ ರೈಡರ್‌ನನ್ನೇ ಕರೆದು ಓದಿಸಿ.